ಮೂರೂವರೆ ನಿಮಿಷದ ಸ್ಪ್ಯಾನಿಷ್

ಸ್ಪ್ಯಾನಿಷ್ ಭಾಷೆಯ ದೇಲೆ ಪರೀಕ್ಷೆಗೆ ಓದುವವರು ಸಾಮಾನ್ಯವಾಗಿ ಕ್ರಿಯಾಪದಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಾರೆ, ಹಳೆಯ ಪ್ರಶ್ನೆಪತ್ರಿಕೆ ಬಿಡಿಸುತ್ತಾರೆ, ಕೇಳುವ ಭಾಗಕ್ಕೆಂದು ರೇಡಿಯೊ ಕೇಳುತ್ತಾರೆ. ಮಾತಿನ ಭಾಗದ ತಯಾರಿ ಮಾತ್ರ ಕೊನೆಯ ವಾರಕ್ಕೆ ಉಳಿದುಬಿಡುತ್ತದೆ. ಮಾತು ಅಭ್ಯಾಸದಿಂದ ತಾನಾಗಿ ಬರುತ್ತದೆ, ಅದಕ್ಕೆ ಬೇರೆ ಸಿದ್ಧತೆ ಏಕೆ ಎಂಬುದು ಅವರ ಎಣಿಕೆ. ಮೊದಲ ಹಂತಗಳಲ್ಲಿ ಇದು ಅಷ್ಟೇನೂ ತೊಂದರೆ ಕೊಡುವುದಿಲ್ಲ. ಬಿ-2 ಹಂತಕ್ಕೆ ಬಂದಾಗ ಕೊಡುತ್ತದೆ. ಅಲ್ಲಿ ಪರೀಕ್ಷಕರಿಗೆ ನಿಮ್ಮ ಊರು, ಮನೆ, ಹವ್ಯಾಸಗಳ ವಿವರ ಬೇಕಿಲ್ಲ. ಒಂದು ಸಾಮಾಜಿಕ ಸಮಸ್ಯೆಗೆ ಬಂದಿರುವ ಸಲಹೆಗಳನ್ನು ತೂಗಿ ನೋಡಿ, ಯಾರೂ ನಡುವೆ ಬಾಯಿ ಹಾಕದಿರುವಾಗ, ಮೂರರಿಂದ ನಾಲ್ಕು ನಿಮಿಷ ಒಂದೇ ಸಮನೆ ವಾದ ಮಂಡಿಸಬೇಕು. ಕನ್ನಡದಲ್ಲೇ ಇದನ್ನು ಮಾಡಲು ಹೊರಟರೂ ಎರಡನೆಯ ನಿಮಿಷಕ್ಕೆ ಮಾತು ಸೋರಿಹೋಗುವುದುಂಟು.

ದೇಲೆ ಎಂಬುದು ಸ್ಪೇನಿನ ಶಿಕ್ಷಣ ಸಚಿವಾಲಯದ ಪರವಾಗಿ ಸೆರ್ಬಾಂತೆಸ್ ಸಂಸ್ಥೆ ಕೊಡುವ ಡಿಪ್ಲೊಮಾ. ಈ ಸಂಸ್ಥೆ ಸ್ಥಾಪನೆಯಾದದ್ದು 1991ರಲ್ಲಿ; ದೆಹಲಿಯಲ್ಲಿ ಅದರ ಕೇಂದ್ರವಿದೆ. ಡಿಪ್ಲೊಮಾಕ್ಕೆ ಅವಧಿ ಮುಗಿಯುವ ದಿನಾಂಕವಿಲ್ಲ, ಒಮ್ಮೆ ಪಡೆದರೆ ಸದಾ ನಿಮ್ಮದು. ಬೆಂಗಳೂರಿನಲ್ಲಿ ಸ್ಪ್ಯಾನಿಷ್ ಗ್ರಾಹಕರೊಂದಿಗೆ ಕೆಲಸ ಮಾಡುವವರೂ ಸ್ಪೇನಿನಲ್ಲಿ ಓದಲು ಹೊರಟವರೂ ಅದರ ಬೆನ್ನು ಹತ್ತುವುದಕ್ಕೆ ಅದೂ ಒಂದು ಕಾರಣ.

ಅಂಕಗಳ ಲೆಕ್ಕವನ್ನು ಮೊದಲು ತಿಳಿದುಕೊಳ್ಳುವುದು ಒಳ್ಳೆಯದು, ಏಕೆಂದರೆ ಮಾತಿನ ಭಾಗಕ್ಕೆ ಎಷ್ಟು ಸಮಯ ಕೊಡಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ. ಬಿ-2ರಲ್ಲಿ ಓದುವುದು, ಬರೆಯುವುದು, ಕೇಳುವುದು, ಮಾತಾಡುವುದು ಎಂಬ ನಾಲ್ಕು ಭಾಗಗಳಿಗೆ ತಲಾ 25 ಅಂಕ. ಆದರೆ ಇವನ್ನು ಎರಡು ಗುಂಪು ಮಾಡಿದ್ದಾರೆ. ಓದು ಮತ್ತು ಬರಹ ಒಂದು ಗುಂಪು, ಕೇಳುವುದು ಮತ್ತು ಮಾತು ಇನ್ನೊಂದು. ಪ್ರತಿ ಗುಂಪಿನಲ್ಲೂ 50ಕ್ಕೆ ಕನಿಷ್ಠ 30 ಬರಬೇಕು. ಓದು-ಬರಹದಲ್ಲಿ 48 ತೆಗೆದರೂ ಅದರಲ್ಲಿ ಒಂದಂಕವೂ ಈ ಕಡೆಗೆ ದಾಟುವುದಿಲ್ಲ. ಕೇಳುವ ಭಾಗದಲ್ಲಿ 14 ಬಂದರೆ ಮಾತಿನಲ್ಲಿ 16 ಬೇಕೇ ಬೇಕು. ಪುಸ್ತಕದ ಮೂಲಕ ಭಾಷೆ ಕಲಿತ ನಮ್ಮವರಿಗೆ ವೇಗದ ಸ್ಪ್ಯಾನಿಷ್ ಕೇಳಿ ಅರ್ಥ ಮಾಡಿಕೊಳ್ಳುವುದೇ ಕಷ್ಟ. ಹಾಗಾಗಿ ಆ ಕೊರತೆ ತುಂಬುವ ಹೊಣೆ ಹೆಚ್ಚಾಗಿ ಮಾತಿನ ಮೇಲೆಯೇ ಬೀಳುತ್ತದೆ.

ಮಾತಿನ ಪರೀಕ್ಷೆ ಸುಮಾರು 20 ನಿಮಿಷದ್ದು. ಅದಕ್ಕೂ ಮುನ್ನ ತಯಾರಿಗೆಂದು ಬೇರೆಯೇ 20 ನಿಮಿಷ ಕೊಡುತ್ತಾರೆ. ಮೂರು ಕೆಲಸಗಳಿವೆ. ಮೊದಲನೆಯದು ಸಲಹೆಗಳನ್ನು ತೂಗಿ ಮಾತಾಡುವುದು. ಅದರ ಬೆನ್ನಿಗೇ ಅದೇ ವಿಷಯದ ಮೇಲೆ ಪರೀಕ್ಷಕರೊಂದಿಗೆ ಸಂಭಾಷಣೆ. ಎರಡನೆಯದರಲ್ಲಿ ಒಂದು ಛಾಯಾಚಿತ್ರ ನೋಡಿ, ಅದರಲ್ಲಿರುವವರು ಯಾರು, ಅವರ ನಡುವೆ ಏನು ನಡೆದಿದೆ, ಮುಂದೇನಾಗಬಹುದು ಎಂದು ಊಹಿಸಿ ಎರಡು ಮೂರು ನಿಮಿಷ ಮಾತಾಡಬೇಕು. ಮೂರನೆಯದು ಒಂದು ಸಮೀಕ್ಷೆಯ ಅಂಕಿ ಅಂಶಗಳ ಮೇಲೆ ಮೂರ್ನಾಲ್ಕು ನಿಮಿಷದ ಮಾತುಕತೆ. ತಯಾರಿ ಸಮಯ ಮೊದಲ ಎರಡಕ್ಕೆ ಮಾತ್ರ. ಮೂರನೆಯದನ್ನು ಒಳಗೆ ಹೋದ ಮೇಲೆಯೇ ನೋಡುವುದು.

ಕೋಣೆಯಲ್ಲಿ ಇಬ್ಬರು ಪರೀಕ್ಷಕರಿರುತ್ತಾರೆ. ಎದುರಿಗೆ ಕುಳಿತವರು ನಿಮ್ಮೊಂದಿಗೆ ಮಾತಾಡಿ ಒಟ್ಟಾರೆ ಅಭಿಪ್ರಾಯದ ಮೇಲೆ ಅಂಕ ಕೊಡುತ್ತಾರೆ. ಇನ್ನೊಬ್ಬರು ಬದಿಗೋ ಹಿಂದೆಯೋ ಸುಮ್ಮನೆ ಕುಳಿತು ಮಾತಿನ ಸುಸಂಬದ್ಧತೆ, ಓಟ, ವ್ಯಾಕರಣದ ಶುದ್ಧಿ, ಪದಸಂಪತ್ತು ಎಂದು ನಾಲ್ಕನ್ನೂ ಬೇರೆ ಬೇರೆಯಾಗಿ ಅಳೆಯುತ್ತಾರೆ. ಮೊದಲ ಒಂದೆರಡು ಕುಶಲ ಪ್ರಶ್ನೆಗಳು ಅಂಕಕ್ಕಲ್ಲ, ಬಾಯಿ ಸಡಿಲವಾಗಲಿ ಎಂದು ಕೇಳುವಂಥವು. ಆಗಲೇ ನಿಮ್ಮನ್ನು ತೂ ಎನ್ನಲೋ ಉಸ್ತೇದ್ ಎನ್ನಲೋ ಎಂದೂ ಕೇಳಬಹುದು. ನಮ್ಮ ನೀನು-ನೀವು ಇದ್ದ ಹಾಗೆಯೇ ಇದು. ಯಾವುದನ್ನು ಒಪ್ಪಿಕೊಂಡರೂ ಕೊನೆಯವರೆಗೆ ಅದನ್ನೇ ಹಿಡಿಯಬೇಕು. ಉಸ್ತೇದ್ ಎಂದು ಶುರುಮಾಡಿ ಪರೀಕ್ಷಕರಿಗೆ ನಡುವೆ ತೂ ರೂಪದ ಕ್ರಿಯಾಪದ ಬಳಸಿದರೆ, ಹಿರಿಯರೊಂದಿಗೆ ನೀವು ಎಂದು ಮಾತಾಡುತ್ತ ಇದ್ದಕ್ಕಿದ್ದಂತೆ ‘ಏನಂತೀಯ’ ಎಂದಂತಾಗುತ್ತದೆ.

ಮೊದಲ ಕೆಲಸವೇ ಅತ್ಯಂತ ಉದ್ದದ್ದು, ಅತ್ಯಂತ ಕಷ್ಟದ್ದು. ಅಲ್ಲಿ ಕಲಿತ ಕಟ್ಟುವ ಕ್ರಮ ಉಳಿದೆರಡಕ್ಕೂ ಒದಗುತ್ತದೆ. ಆದ್ದರಿಂದ ಈ ಲೇಖನದ ಬಹುಪಾಲು ಅದಕ್ಕೇ ಮೀಸಲು.

ಎರಡು ವಿಷಯಗಳಲ್ಲಿ ಒಂದನ್ನು ಆರಿಸಿಕೊಳ್ಳಲು ಬಿಡುತ್ತಾರೆ. ಹಾಳೆಯ ಮೇಲ್ಭಾಗದಲ್ಲಿ ಸಮಸ್ಯೆಯ ವಿವರ, ಅದರ ಕೆಳಗೆ ಹಲವು ಸಲಹೆಗಳು. ಇವುಗಳಲ್ಲಿ ಕನಿಷ್ಠ ನಾಲ್ಕರ ಬಗ್ಗೆ ಮಾತಾಡಿ, ಪ್ರತಿಯೊಂದರ ಅನುಕೂಲ ಅನಾನುಕೂಲ ಹೇಳಬೇಕು. ಇದರಿಂದ ಯಾರಿಗೆ ಲಾಭ, ಯಾರಿಗೆ ನಷ್ಟ, ಹೊಸ ತೊಂದರೆ ಹುಟ್ಟೀತೇ, ಸಲಹೆಯನ್ನು ಒಂಚೂರು ತಿದ್ದಿದರೆ ಸರಿಹೋದೀತೇ ಎಂದು ಯೋಚಿಸಿ ಎಂದು ಹಾಳೆಯೇ ಸೂಚಿಸುತ್ತದೆ. ಈ ಸೂಚನೆಯನ್ನು ಹೆಚ್ಚಿನವರು ಓದದೆ ದಾಟಿಬಿಡುತ್ತಾರೆ. ಮಾತಿನ ಚೌಕಟ್ಟು ಇರುವುದೇ ಅಲ್ಲಿ. ಲಾಭ, ನಷ್ಟ, ತಿದ್ದುಪಡಿ: ಒಂದೊಂದು ಸಲಹೆಗೆ ಈ ಮೂರು ಮಾತು ಸಿಕ್ಕರೆ ಸಾಕು.

ಪರೀಕ್ಷೆಯ ಮಾದರಿಯಲ್ಲೇ ನಾನು ಮಾಡಿಕೊಂಡ ಒಂದು ಹಾಳೆಯನ್ನು ಇಟ್ಟುಕೊಂಡು ನೋಡೋಣ. ವಿಷಯ, ಸ್ಪೇನಿನ ಹಳ್ಳಿಗಳು ಖಾಲಿಯಾಗುತ್ತಿರುವುದು. ಸೋರಿಯಾ, ತೆರುವೆಲ್ ಕಡೆಯ ಊರುಗಳು ಜನರಿಲ್ಲದೆ ಬಣಗುಡುತ್ತಿರುವುದು ಅಲ್ಲಿ ದೊಡ್ಡ ರಾಜಕೀಯ ವಿಷಯ. 2019ರ ಮಾರ್ಚ್ 31ರಂದು ‘ಖಾಲಿಯಾದ ಸ್ಪೇನಿನ’ ಜನ ಮ್ಯಾಡ್ರಿಡ್‌ಗೆ ಬಂದು ಮೆರವಣಿಗೆ ಮಾಡಿದ್ದರು. ನಮ್ಮ ಹಾಳೆಯಲ್ಲಿ ಆರು ಸಲಹೆಗಳಿವೆ ಎಂದುಕೊಳ್ಳಿ: ಎಲ್ಲ ಹಳ್ಳಿಗೂ ವೇಗದ ಇಂಟರ್‌ನೆಟ್, ಹೊಸದಾಗಿ ಬರುವ ಕುಟುಂಬಕ್ಕೆ ಉಚಿತ ಮನೆ, ಮಕ್ಕಳು ಕಡಿಮೆಯಿದ್ದರೂ ಶಾಲೆ ಮುಚ್ಚದಿರುವುದು, ಹಳ್ಳಿ ಪ್ರವಾಸೋದ್ಯಮಕ್ಕೆ ಹಣ, ತೆರಿಗೆ ಕಡಿತ, ಸರ್ಕಾರಿ ಕಚೇರಿಗಳನ್ನು ಪಟ್ಟಣದಿಂದ ಹಳ್ಳಿಗೆ ಸಾಗಿಸುವುದು.

ತಯಾರಿಯ 20 ನಿಮಿಷದಲ್ಲಿ ಹನ್ನೊಂದು ಹನ್ನೆರಡನ್ನು ಈ ಕೆಲಸಕ್ಕೆ ಇಡಿ, ಆರೇಳನ್ನು ಚಿತ್ರಕ್ಕೆ. ಉಳಿದದ್ದು ಒಮ್ಮೆ ಕಣ್ಣಾಡಿಸುವುದಕ್ಕೆ. ವಿಷಯ ಆರಿಸಲು ಒಂದು ನಿಮಿಷಕ್ಕಿಂತ ಹೆಚ್ಚು ಬೇಡ. ಯಾವ ವಿಷಯ ಆಸಕ್ತಿಕರ ಎಂದು ನೋಡಬೇಡಿ, ಯಾವುದಕ್ಕೆ ನಿಮ್ಮಲ್ಲಿ ಪದಗಳಿವೆ ಎಂದು ನೋಡಿ. ಆಮೇಲೆ ನಾಲ್ಕು ಸಲಹೆ ಆರಿಸಿ. ಇಲ್ಲಿ ಒಂದು ಗುಟ್ಟಿದೆ: ನಾಲ್ಕನ್ನೂ ಒಪ್ಪುವಂತೆ ಆರಿಸಿಕೊಂಡರೆ ಮಾತು ಏಕತಾನವಾಗುತ್ತದೆ. ಪೂರಾ ಒಪ್ಪುವುದು ಒಂದು, ಷರತ್ತಿನ ಮೇಲೆ ಒಪ್ಪುವುದು ಎರಡು, ಒಪ್ಪದಿರುವುದು ಒಂದು ಎಂದಿದ್ದರೆ ಬೇರೆ ಬೇರೆ ವಾಕ್ಯರಚನೆಗಳು ತಾವಾಗಿ ಒದಗುತ್ತವೆ. ನಮ್ಮ ಹಾಳೆಯಲ್ಲಿ ಶಾಲೆಯನ್ನು ಪೂರಾ ಒಪ್ಪೋಣ, ಇಂಟರ್‌ನೆಟ್ ಮತ್ತು ಮನೆಯನ್ನು ಷರತ್ತಿನ ಮೇಲೆ, ಪ್ರವಾಸೋದ್ಯಮವನ್ನು ಬೇಡವೆನ್ನೋಣ.

ಟಿಪ್ಪಣಿ ಬರೆದುಕೊಳ್ಳಬಹುದು, ಒಳಗೆ ಕೊಂಡೊಯ್ದು ಆಗಾಗ ನೋಡಲೂಬಹುದು, ಆದರೆ ಓದುವಂತಿಲ್ಲ. ಪೂರ್ತಿ ವಾಕ್ಯ ಬರೆದಿಟ್ಟುಕೊಂಡವರು ಓದದೆ ಇರಲಾರರು, ಕಣ್ಣು ಹಾಳೆಗೇ ಅಂಟುತ್ತದೆ. ಹಾಗಾಗಿ ಒಂದು ಸಲಹೆಗೆ ಒಂದು ಸಾಲು, ಸಾಲಿಗೆ ನಾಲ್ಕು ಪದ. ಉಚಿತ ಮನೆಯ ಸಾಲಿನಲ್ಲಿ ‘ಯುವ ಕುಟುಂಬ’, ‘ಈಗಾಗಲೇ ಬಾಡಿಗೆ ಕಟ್ಟುವವರು’, ‘ಹಲವು ವರ್ಷ’ ಎಂಬರ್ಥದ ಸ್ಪ್ಯಾನಿಷ್ ಪದಗಳಿದ್ದರೆ ಲಾಭ, ನಷ್ಟ, ತಿದ್ದುಪಡಿ ಮೂರೂ ನೆನಪಿಗೆ ಬರುತ್ತವೆ. ಕೊನೆಯಲ್ಲಿ ಆ ಸಾಲಿಗೆ ಬೇಕಾದ ಕೊಂಡಿಪದವನ್ನು ಬರೆದು ಸುತ್ತ ಗೆರೆ ಎಳೆಯಿರಿ.

ಈಗ ಸಮಯ. ಮೂರೂವರೆ ನಿಮಿಷವೆಂದರೆ 210 ಸೆಕೆಂಡ್. ವಿಷಯವನ್ನು ಪರಿಚಯಿಸಲು 20, ನಾಲ್ಕು ಸಲಹೆಗೆ ತಲಾ 40, ಮುಕ್ತಾಯಕ್ಕೆ 30. ನಿಮಿಷಕ್ಕೆ ನೂರು ಪದದ ಆಸುಪಾಸಿನಲ್ಲಿ ಮಾತಾಡುವ ಅಭ್ಯರ್ಥಿಗೆ 40 ಸೆಕೆಂಡಿನಲ್ಲಿ ಅರವತ್ತೆಪ್ಪತ್ತು ಪದ ಹಿಡಿಸುತ್ತವೆ, ಅಂದರೆ ನಾಲ್ಕೈದು ವಾಕ್ಯ. ಸಾಮಾನ್ಯವಾಗಿ ನಡೆಯುವ ಎಡವಟ್ಟು ಒಂದೇ ಬಗೆಯದು. ಮೊದಲ ಸಲಹೆ ಚೆನ್ನಾಗಿ ಗೊತ್ತಿರುತ್ತದೆ, ಅದಕ್ಕೇ ಒಂದೂವರೆ ನಿಮಿಷ ಹೋಗುತ್ತದೆ; ಕೊನೆಯ ಎರಡನ್ನು ಹೆಸರು ಹೇಳಿ ಮುಗಿಸಬೇಕಾಗುತ್ತದೆ. ಮನೆಯಲ್ಲಿ ಮೊಬೈಲಿನಲ್ಲಿ ದನಿಮುದ್ರಿಸಿಕೊಂಡು, ಪ್ರತಿ ಸಲಹೆ ಎಷ್ಟನೇ ಸೆಕೆಂಡಿಗೆ ಶುರುವಾಯಿತೆಂದು ಕಾಗದದ ಮೇಲೆ ಗುರುತು ಹಾಕಿಕೊಳ್ಳಿ. ಎರಡನೆಯದು 60ನೇ ಸೆಕೆಂಡಿನ ಹೊತ್ತಿಗೆ, ಮೂರನೆಯದು 100ರ ಹೊತ್ತಿಗೆ, ನಾಲ್ಕನೆಯದು 140ರ ಹೊತ್ತಿಗೆ ಬಂದರೆ ಹದವಾಗಿದೆ. 90ನೇ ಸೆಕೆಂಡಿನಲ್ಲೂ ಮೊದಲನೆಯದರಲ್ಲೇ ಇದ್ದರೆ, ನೀವು ಒಂದೇ ಕಾರಣವನ್ನು ಬೇರೆ ಪದಗಳಲ್ಲಿ ಮತ್ತೆ ಹೇಳಿದ್ದೀರಿ ಎಂದೇ ಅರ್ಥ. ಮುದ್ರಣ ಕೇಳಿದರೆ ಆ ಜಾಗ ತಕ್ಷಣ ಸಿಗುತ್ತದೆ.

ಕೊಂಡಿಪದಗಳ ವಿಷಯಕ್ಕೆ ಬಂದರೆ, ಅಂತರ್ಜಾಲದಲ್ಲಿ ಸಿಗುವ ನೂರರ ಪಟ್ಟಿಗಳನ್ನು ಬದಿಗಿಡಿ ಎಂದೇ ನಾನು ಹೇಳುವುದು. ಹದಿನೈದು ಸಾಕು, ಆದರೆ ಒಂದೊಂದರ ಹಿಂದೆ ಯಾವ ಕ್ರಿಯಾರೂಪ ಬರಬೇಕೆಂಬುದು ನಾಲಿಗೆಗೆ ಗೊತ್ತಿರಬೇಕು. ಕನ್ನಡದವರಿಗೆ ಇಲ್ಲೊಂದು ನಿಜವಾದ ತೊಡಕಿದೆ. ನಮ್ಮಲ್ಲಿ ವಾಕ್ಯಗಳ ಕೊಂಡಿ ಹೆಚ್ಚಾಗಿ ಕ್ರಿಯಾಪದದ ಬಾಲಕ್ಕೆ ಅಂಟಿ ಬರುತ್ತದೆ. ‘ದುಡ್ಡು ಖರ್ಚಾದರೂ’, ‘ಉಳಿದುಕೊಂಡರೆ’, ‘ಬಸ್ ಇಲ್ಲದ್ದರಿಂದ’ ಎನ್ನುವಾಗ, ವಾಕ್ಯ ಎತ್ತ ತಿರುಗಬೇಕೆಂಬುದನ್ನು ಕ್ರಿಯಾಪದದವರೆಗೂ ಮುಂದೂಡಬಹುದು. ಸ್ಪ್ಯಾನಿಷ್‌ನಲ್ಲಿ ಕೊಂಡಿ ಮೊದಲೇ ಬಂದುಬಿಡುತ್ತದೆ. ಅದು ಬಾಯಿಂದ ಹೊರಬಿದ್ದ ಕ್ಷಣಕ್ಕೆ ಮುಂದಿನ ಕ್ರಿಯಾಪದ ಸಾಮಾನ್ಯ ರೂಪದಲ್ಲೋ ಸಬ್ಜಂಕ್ಟಿವ್ ರೂಪದಲ್ಲೋ ಎಂಬುದು ತೀರ್ಮಾನವಾಗಿರಬೇಕು. ಬಿ-2 ಅಭ್ಯರ್ಥಿ ಕೊಂಡಿಪದವಾದ ಮೇಲೆ ಒಂದು ಕ್ಷಣ ತಡವರಿಸುವುದು ಬಹುಮಟ್ಟಿಗೆ ಈ ಕಾರಣಕ್ಕೆ. ಕೊಂಡಿಯನ್ನೂ ಕ್ರಿಯಾಪದವನ್ನೂ ಜೊತೆಯಾಗಿ, ಒಂದೇ ತುಣುಕಾಗಿ ಕಲಿಯುವುದೇ ಇದಕ್ಕೆ ದಾರಿ.

ಹಳ್ಳಿಗಳ ಹಾಳೆಗೇ ಹಿಂತಿರುಗಿ, ಒಂದೊಂದಾಗಿ ಕಟ್ಟೋಣ.

ಆರಂಭಕ್ಕೆ: ‘ಎಲ್ ತೇಮಾ ದೆ ಎಸ್ತಾಸ್ ಪ್ರೊಪ್ವೇಸ್ತಾಸ್ ಎಸ್ ಲಾ ಪೇರ್ದಿದಾ ದೆ ಪೊಬ್ಲಾಸಿಯೋನ್ ಎನ್ ಲೋಸ್ ಪ್ವೇಬ್ಲೋಸ್.’ ಈ ಸಲಹೆಗಳ ವಿಷಯ ಹಳ್ಳಿಗಳಲ್ಲಿ ಜನ ಕಡಿಮೆಯಾಗುತ್ತಿರುವುದು ಎಂದಷ್ಟೇ. ಹಾಳೆಯ ಪೀಠಿಕೆಯನ್ನು ಪೂರ್ತಿ ಒಪ್ಪಿಸುವ ಅಗತ್ಯವಿಲ್ಲ. ಅದು ನಿಮ್ಮ ಭಾಷೆಯಲ್ಲ, ಅದಕ್ಕೆ ಅಂಕವೂ ಹುಟ್ಟುವುದಿಲ್ಲ.

ಇಂಟರ್‌ನೆಟ್ಟಿಗೆ: ‘ಎನ್ ಪ್ರಿಮೇರ್ ಲುಗಾರ್’, ಅಂದರೆ ಮೊದಲನೆಯದಾಗಿ, ಎಂದು ಶುರುಮಾಡಿ, ‘ಯಾ ಕೆ ಪೆರ್ಮಿತಿರೀಯಾ ತ್ರಾಬಾಹಾರ್ ದೆಸ್ದೆ ಕಾಸಾ’ ಎಂದು ಕಾರಣ ಕೊಡಿ, ಮನೆಯಿಂದಲೇ ಕೆಲಸ ಮಾಡಲು ಆಗುತ್ತದಾದ್ದರಿಂದ ಎಂದರ್ಥ. ಇನ್ನೂ ಜಾರಿಯಾಗದ ಸಲಹೆಯಾದ್ದರಿಂದ ಕ್ರಿಯಾಪದದ ತುದಿಯಲ್ಲಿ ‘ರೀಯಾ’ ಬಂದಿರುವುದನ್ನು ಗಮನಿಸಿ. ಇಡೀ ಭಾಷಣದಲ್ಲಿ ಪರೀಕ್ಷಕರು ಕಿವಿಗೊಟ್ಟು ಕೇಳುವ ರೂಪಗಳಲ್ಲಿ ಇದೊಂದು. ಆಮೇಲೆ ತಿರುವು: ‘ಆಓರಾ ಬಿಯೆನ್, ನೊ ಕ್ರೇಯೊ ಕೆ ಸೇಯಾ ಸುಫಿಸಿಯೇಂತೆ.’ ಆದರೂ ಅದಷ್ಟೇ ಸಾಕೆಂದು ನನಗೆ ಅನ್ನಿಸುವುದಿಲ್ಲ. ‘ಕ್ರೇಯೊ ಕೆ’ ಎಂದರೆ ಮುಂದೆ ‘ಎಸ್’. ‘ನೊ ಕ್ರೇಯೊ ಕೆ’ ಎಂದರೆ ಮುಂದೆ ‘ಸೇಯಾ’. ಬಿ-2ರಲ್ಲಿ ಅತಿ ಹೆಚ್ಚು ಜನ ಎಡವುವ ಜಾಗ ಇದೇ ಎಂದು ನನ್ನ ಅನುಭವ.

ಮನೆಗೆ: ‘ಎನ್ ಕ್ವಾಂತೊ ಆ’, ಅಂದರೆ ಇದರ ವಿಷಯಕ್ಕೆ ಬಂದರೆ, ಎಂದು ಸಲಹೆ ಬದಲಿಸಿ. ಎಳೆಯ ಕುಟುಂಬಗಳಿಗೆ ಲಾಭ, ಆದರೆ ಈಗಾಗಲೇ ಅಲ್ಲಿದ್ದು ಬಾಡಿಗೆ ಕಟ್ಟುತ್ತಿರುವವರಿಗೆ ಅನ್ಯಾಯ. ಹಾಗಾಗಿ ‘ಸಿಯೇಂಪ್ರೆ ಇ ಕ್ವಾಂದೊ ಸೆ ಕೇದೆನ್ ಬಾರಿಯೋಸ್ ಆನ್ಯೋಸ್’ ಎಂದು ಷರತ್ತು ಹಾಕಿ: ಅವರು ಹಲವು ವರ್ಷ ಅಲ್ಲೇ ಉಳಿಯುವುದಾದರೆ ಮಾತ್ರ. ಈ ‘ಸಿಯೇಂಪ್ರೆ ಇ ಕ್ವಾಂದೊ’ದ ಹಿಂದೆ ಯಾವಾಗಲೂ ಸಬ್ಜಂಕ್ಟಿವ್, ಅದಕ್ಕೆ ವಿನಾಯಿತಿ ಇಲ್ಲ. ಯೋಚಿಸದೆ ಬಳಸಬಹುದಾದ್ದರಿಂದ ಇದು ನನಗೆ ಅಚ್ಚುಮೆಚ್ಚು.

ಶಾಲೆಗೆ: ‘ಆವುಂಕೆ ಕ್ವೇಸ್ತೆ ದಿನೇರೊ, ಸಿನ್ ಎಸ್ಕ್ವೇಲಾ ನೊ ಬೆಂದ್ರಾನ್ ಫಾಮಿಲಿಯಾಸ್.’ ಖರ್ಚಾದರೂ ಸರಿ, ಶಾಲೆಯಿಲ್ಲದೆ ಕುಟುಂಬಗಳು ಬರುವುದಿಲ್ಲ. ‘ಆವುಂಕೆ’ಗೆ ಎರಡು ದಾರಿ. ಖರ್ಚಾಗುವುದು ನಿಜವೇ ಎಂದು ಹೊಸ ಮಾಹಿತಿಯಾಗಿ ತಿಳಿಸುವಾಗ ‘ಕ್ವೇಸ್ತಾ’. ಎಷ್ಟಾದರೂ ಖರ್ಚಾಗಲಿ, ಅದು ಮುಖ್ಯವಲ್ಲ ಎಂದು ಬದಿಗೆ ಸರಿಸುವಾಗ ‘ಕ್ವೇಸ್ತೆ’. ವಾದ ಮಾಡುವಾಗ ಬೇಕಾಗುವುದು ಹೆಚ್ಚಾಗಿ ಎರಡನೆಯದೇ.

ಪ್ರವಾಸೋದ್ಯಮಕ್ಕೆ: ‘ಎನ್ ಕಾಂಬಿಯೊ, ನೊ ಎಸ್ತೋಯ್ ದೆ ಆಕ್ವೇರ್ದೊ’, ಇದಕ್ಕೆ ಮಾತ್ರ ನನ್ನ ಒಪ್ಪಿಗೆಯಿಲ್ಲ. ಕಾರಣ ಹೇಳಲು ‘ಕೋಮೊ’ ಬಳಸಿ. ‘ಕೋಮೊ ಲೋಸ್ ತುರಿಸ್ತಾಸ್ ಬಿಯೇನೆನ್ ಸೋಲೊ ಎನ್ ಬೆರಾನೊ’, ಪ್ರವಾಸಿಗಳು ಬೇಸಿಗೆಯಲ್ಲಿ ಮಾತ್ರ ಬರುವುದರಿಂದ, ಚಳಿಗಾಲದಲ್ಲಿ ಕೆಲಸವಿರುವುದಿಲ್ಲ. ಕನ್ನಡದಲ್ಲಿ ನಾವು ಕಾರಣವನ್ನು ಮುಂಚೆ ಹೇಳಿ ಫಲವನ್ನು ಆಮೇಲೆ ಹೇಳುತ್ತೇವೆ. ‘ಕೋಮೊ’ದ ಓಟವೂ ಹಾಗೆಯೇ, ಕಾರಣದ ವಾಕ್ಯ ಮೊದಲೇ ಬರಬೇಕು. ‘ಪೋರ್ಕೆ’ ಅದಕ್ಕೆ ತದ್ವಿರುದ್ಧ, ಅದು ಫಲದ ನಂತರವೇ ಬರಬೇಕು. ನಮ್ಮ ವಾಕ್ಯಕ್ರಮದ ಅಭ್ಯಾಸದಿಂದ ‘ಪೋರ್ಕೆ’ಯಲ್ಲೇ ವಾಕ್ಯ ಶುರುಮಾಡುವವರು ಬಹಳ, ಅಂಥವರು ಆ ಜಾಗದಲ್ಲಿ ‘ಕೋಮೊ’ ಇಟ್ಟರೆ ತಪ್ಪು ತಾನಾಗಿ ಸರಿಹೋಗುತ್ತದೆ.

ಮುಕ್ತಾಯಕ್ಕೆ: ‘ಎನ್ ದೆಫಿನಿತೀಬಾ, ಸಿ ತುಬಿಯೇರಾ ಕೆ ಎಲೆಹೀರ್ ಉನಾ, ಮೆ ಕೆದಾರೀಯಾ ಕೋನ್ ಲಾ ದೆ ಲಾ ಎಸ್ಕ್ವೇಲಾ.’ ಒಟ್ಟಿನಲ್ಲಿ, ಒಂದನ್ನೇ ಆರಿಸಬೇಕಾಗಿ ಬಂದರೆ ಶಾಲೆಯದನ್ನೇ ಹಿಡಿಯುತ್ತೇನೆ. ಈ ಒಂದು ವಾಕ್ಯದಲ್ಲಿ ‘ತುಬಿಯೇರಾ’, ‘ಕೆದಾರೀಯಾ’ ಎಂಬ ಎರಡು ಕಷ್ಟದ ರೂಪಗಳಿವೆ, ಯಾವ ವಿಷಯ ಬಂದರೂ ಇದು ಹೊಂದುತ್ತದೆ. ಇದೊಂದನ್ನು ಬಾಯಿಪಾಠ ಮಾಡಿದರೆ ತಪ್ಪೇನಿಲ್ಲ.

ಆದರೆ ಇಡೀ ಭಾಷಣವನ್ನು ಉರುಹೊಡೆದು ಬರುವವರನ್ನು ಪರೀಕ್ಷಕರು ಬೇಗ ಗುರುತಿಸುತ್ತಾರೆ. ಕೊಂಡಿಪದಗಳು ಸರಾಗವಾಗಿ ಉದುರುತ್ತವೆ, ನಡುವಿನ ವಾಕ್ಯಗಳು ಕುಂಟುತ್ತವೆ. ಕೊಂಡಿ ಹೇಳಿದ ಸಂಬಂಧ ವಾಕ್ಯಗಳ ನಡುವೆ ಇರುವುದೇ ಇಲ್ಲ. ‘ಸಿನ್ ಎಂಬಾರ್ಗೊ’, ಅಂದರೆ ಹಾಗಿದ್ದರೂ, ಎಂದ ಮೇಲೆ ಹಿಂದಿನದಕ್ಕೆ ವಿರುದ್ಧವಾದ ಮಾತು ಬರಬೇಕು. ಎಷ್ಟೋ ಸಲ ಅದೇ ದಿಕ್ಕಿನ ಇನ್ನೊಂದು ಕಾರಣ ಬಂದಿರುತ್ತದೆ. ನಿಮ್ಮ ಮುದ್ರಣ ಕೇಳುವಾಗ ಪ್ರತಿ ಕೊಂಡಿಪದದ ಬಳಿ ನಿಲ್ಲಿಸಿ, ಅದನ್ನು ತೆಗೆದು ಓದಿ ನೋಡಿ. ಅರ್ಥ ಬದಲಾಗದಿದ್ದರೆ ಆ ಪದ ಅಲ್ಲಿ ಕೆಲಸ ಮಾಡುತ್ತಿಲ್ಲ.

ಭಾಷಣ ಮುಗಿದೊಡನೆ ಎರಡು ಮೂರು ನಿಮಿಷ ಪರೀಕ್ಷಕರು ಪ್ರಶ್ನೆ ಕೇಳುತ್ತಾರೆ, ನೀವು ಹೇಳಿದ್ದಕ್ಕೆ ಎದುರಾಡುತ್ತಾರೆ. ಶಾಲೆಗೆ ಮೂವರೇ ಮಕ್ಕಳಿದ್ದರೆ ಅದು ಆ ಮಕ್ಕಳಿಗೇ ಒಳ್ಳೆಯದೇ ಎಂದು ಕೇಳಿದರೆ ಗಾಬರಿಯಾಗಬೇಕಿಲ್ಲ. ಅದು ಅವರ ಅಭಿಪ್ರಾಯವಲ್ಲ, ನಿಮ್ಮಿಂದ ಮಾತು ಹೊರಡಿಸುವ ಬಗೆ. ‘ಎಸ್ ಬೆರ್ದಾದ್ ಕೆ’, ಅದು ನಿಜವೇ, ಎಂದು ಅರ್ಧ ಒಪ್ಪಿ, ‘ಪೆರೊ’ ಎಂದು ನಿಮ್ಮ ನಿಲುವಿಗೆ ಮರಳುವುದು ಸುರಕ್ಷಿತ ದಾರಿ. ಪ್ರಶ್ನೆ ಅರ್ಥವಾಗದಿದ್ದರೆ ‘ಪೊದ್ರೀಯಾ ರೆಪೆತೀರ್ ಲಾ ಪ್ರೆಗೂಂತಾ, ಪೋರ್ ಫಾಬೋರ್’ ಎಂದು ಮತ್ತೊಮ್ಮೆ ಕೇಳಿಸಿಕೊಳ್ಳಿ. ತಪ್ಪಾಡಿದ್ದು ಗೊತ್ತಾದರೆ ‘ಓ ಮೆಹೋರ್ ದಿಚೊ’, ಅಂದರೆ ಸರಿಯಾಗಿ ಹೇಳಬೇಕೆಂದರೆ, ಎಂದು ತಿದ್ದಿಕೊಳ್ಳಿ. ತನ್ನ ತಪ್ಪನ್ನು ತಾನೇ ತಿದ್ದಿಕೊಳ್ಳಬಲ್ಲುದು ಈ ಹಂತದ ಲಕ್ಷಣಗಳಲ್ಲೊಂದು. ಯೋಚಿಸಲು ಹೊತ್ತು ಬೇಕಾದರೆ ‘ಬ್ವೇನೊ’, ‘ಪ್ವೇಸ್’, ‘ಆ ಬೆರ್’ ಇವೆ. ಇಂಗ್ಲಿಷಿನ ‘ಯು ನೋ’, ‘ಐ ಮೀನ್’ ನುಸುಳಿದರೆ ಮಾತಿನ ಓಟ ಅಲ್ಲೇ ಮುರಿಯುತ್ತದೆ.

ಉಚ್ಚಾರಣೆಯಲ್ಲಿ ನಮಗೊಂದು ಅನುಕೂಲವಿದೆ. ಸ್ಪ್ಯಾನಿಷ್‌ನ ತ, ದ ಕನ್ನಡದ ತ, ದಗಳಂತೆ ಹಲ್ಲಿಗೆ ತಾಗಿ ಹುಟ್ಟುತ್ತವೆ. ಇಂಗ್ಲಿಷಿನ ಮೂಲಕ ಕಲಿತವರು ಟ, ಡ ಮಾಡಿ ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ. ‘ಪೆರೊ’ದ ರಕಾರವನ್ನು ಮಾತ್ರ ಹಗುರವಾಗಿ, ಒಂದೇ ಸಲ ತಾಗಿಸಿ ಬಿಡಬೇಕು. ಒತ್ತಿ ಹೇಳಿದರೆ ‘ಪೆರ್ರೊ’, ನಾಯಿ ಎಂದಾಗುತ್ತದೆ.

ಚಿತ್ರದ ಕೆಲಸಕ್ಕೆ ಊಹೆಯ ಭಾಷೆ ಬೇಕು. ‘ಪ್ವೇದೆ ಕೆ’ ಎಂದರೆ ಮುಂದೆ ಸಬ್ಜಂಕ್ಟಿವ್, ‘ಸೆಗುರಾಮೇಂತೆ’ ಎಂದರೆ ಸಾಮಾನ್ಯ ರೂಪ; ಇವೆರಡನ್ನು ಅದಲುಬದಲಾಗಿ ಬಳಸಿದರೆ ಎರಡು ನಿಮಿಷ ಸುಲಭವಾಗಿ ತುಂಬುತ್ತದೆ. ಚಿತ್ರದಲ್ಲಿ ಕಾಣುವ ವಸ್ತುಗಳ ಪಟ್ಟಿ ಒಪ್ಪಿಸುವುದಕ್ಕೆ ಅರ್ಧ ನಿಮಿಷ ಸಾಕು, ಉಳಿದದ್ದು ಜನರ ಕಥೆಗೆ. ಇಬ್ಬರು ವಾದಿಸುತ್ತಿದ್ದರೆ ಏಕೆ, ಎಷ್ಟು ಹೊತ್ತಿನಿಂದ, ನಾಳೆ ಏನು ಮಾಡಿಯಾರು ಎಂದು ಹೇಳುತ್ತ ಹೋಗಿ. ಹಾಳೆಯಲ್ಲಿ ಕೊಟ್ಟಿರುವ ಪ್ರಶ್ನೆಗಳು ಈ ಕಥೆಗೇ ಇರುವಂಥವು.

ಸಮೀಕ್ಷೆಗೆ ತಯಾರಿಯ ಹೊತ್ತಿಲ್ಲದ್ದರಿಂದ ವಾಕ್ಯದ ಅಚ್ಚುಗಳನ್ನು ಮೊದಲೇ ಹೊಂದಿಸಿಟ್ಟುಕೊಳ್ಳಬೇಕು. ಅಂಕಿಗಳನ್ನು ಓದಿ ಹೇಳಲು ‘ಲಾ ಮಾಯೋರೀಯಾ’, ‘ಕಾಸಿ ಲಾ ಮಿತಾದ್’, ಅಂದರೆ ಬಹುತೇಕ ಜನ, ಹತ್ತಿರ ಹತ್ತಿರ ಅರ್ಧದಷ್ಟು. ಅಚ್ಚರಿ ತೋರಲು ‘ಮೆ ಲ್ಯಾಮಾ ಲಾ ಆತೆನ್ಸಿಯೋನ್ ಕೆ’, ನನ್ನ ಗಮನ ಸೆಳೆದದ್ದೇನೆಂದರೆ. ಇದು ಭಾವನೆ ಹೇಳುವ ಮಾತಾದ್ದರಿಂದ ಇದರ ಹಿಂದೆಯೂ ಸಬ್ಜಂಕ್ಟಿವ್ ಬರುತ್ತದೆ. ನೀವೇ ಉತ್ತರಿಸಿದ್ದರೆ ಯಾವುದನ್ನು ಆರಿಸುತ್ತಿದ್ದಿರಿ ಎಂಬುದನ್ನು ಸಮೀಕ್ಷೆಯ ಫಲಿತಾಂಶದೊಂದಿಗೆ ಹೋಲಿಸುವುದೇ ಈ ಕೆಲಸದ ತಿರುಳು. ಸ್ಪೇನಿನವರ ಉತ್ತರದ ಪಕ್ಕದಲ್ಲಿ ನಿಮ್ಮ ಊರಿನವರು ಏನೆನ್ನುತ್ತಿದ್ದರು ಎಂದು ಇಡಬಹುದು. ಅದನ್ನು ಯಾವ ಪುಸ್ತಕದಿಂದಲೂ ಕಲಿಯಬೇಕಿಲ್ಲ, ಪರೀಕ್ಷಕರೂ ಮುಂದಿನ ಪ್ರಶ್ನೆಯನ್ನು ಹೆಚ್ಚಾಗಿ ಅಲ್ಲಿಂದಲೇ ಎತ್ತಿಕೊಳ್ಳುತ್ತಾರೆ.